ಮಿಣುಕುವ ಪರದೆಯ ಮೋಸ

ಪೂರ್ತಿ ಕೆಟ್ಟ ಯಂತ್ರ ನಮ್ಮನ್ನು ವಂಚಿಸುವುದಿಲ್ಲ. ವಂಚಿಸುವುದು ಅರೆಬರೆ ನಡೆಯುವ ಯಂತ್ರ. ಪುಣೆಯಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ, ಎರಡು ವರ್ಷ ಮನೆಪಾಠ ಹೇಳಿ ಉಳಿಸಿದ ಹಣದಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಂಡಿದ್ದ. ಆದರೂ ಆಟದಲ್ಲಿ ಸೆಕೆಂಡಿಗೆ 20 ಫ್ರೇಮ್ ದಾಟುತ್ತಿರಲಿಲ್ಲ. "ಮಾಮಾ, ಕಾರ್ಡೇ ಸರಿಯಿಲ್ಲ. ಅರ್ಧ ಬೆಲೆಗಾದರೂ ಮಾರಿಬಿಡುತ್ತೇನೆ" ಎಂದ.

ಆಟ ನಡೆಯುತ್ತಿರುವಾಗಲೇ Task Manager ತೆರೆದು Performance ಪುಟ ನೋಡುವಂತೆ ಹೇಳಿದೆ. ಅಲ್ಲಿ ಎರಡು GPUಗಳಿದ್ದವು. ಪ್ರೊಸೆಸರಿನೊಳಗಿನ ಪುಟ್ಟ ಗ್ರಾಫಿಕ್ಸ್ ಏದುಸಿರು ಬಿಡುತ್ತಿತ್ತು. ಹೊಸ ಕಾರ್ಡು ಬಹುತೇಕ ಸುಮ್ಮನಿತ್ತು. ಕಾರಣ ಪೆಟ್ಟಿಗೆಯ ಬೆನ್ನಿನಲ್ಲಿತ್ತು. ಮಾನಿಟರಿನ ಕೇಬಲ್ಲು ಮೇಲೆ, ಯುಎಸ್‌ಬಿ ಕಿಂಡಿಗಳ ಗುಂಪಿನಲ್ಲಿರುವ ಮದರ್‌ಬೋರ್ಡಿನ ಎಚ್‌ಡಿಎಂಐ ಕಿಂಡಿಯಲ್ಲಿತ್ತು. ಅದರ ಕೆಳಗೆ ಅಡ್ಡಲಾಗಿ ಸಾಲುಗೊಂಡ ಕಾರ್ಡಿನ ಕಿಂಡಿಗಳು ಖಾಲಿಯಾಗಿದ್ದವು.

ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿದು ತಪ್ಪು ಮೊದಲ ದಿನವೇ ಬಯಲಾಗುತ್ತಿತ್ತು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ F ಅಕ್ಷರವಿರುವ ಪ್ರೊಸೆಸರುಗಳು ಅಂಥವು. ಇಲ್ಲಿ ಚಿತ್ರ ಮೂಡಿತ್ತು. ಆದ್ದರಿಂದಲೇ ಅನುಮಾನ ನಿರಪರಾಧಿಯಾದ ಕಾರ್ಡಿನ ಮೇಲೆ ಹೋಯಿತು.

ಕಂಪ್ಯೂಟರ್ ಆರಿಸಿ, ಕೇಬಲ್ಲನ್ನು ಕೆಳಗಿನ ಕಿಂಡಿಗೆ ಬದಲಿಸಿದ ಮೇಲೆ ಎಣಿಕೆ 90 ದಾಟಿತು. ಆದರೆ ಕಣ್ಣಿಗೆ ಅಷ್ಟು ನಯ ಕಾಣಲಿಲ್ಲ. ಅವನ ಮಾನಿಟರು 144 ಹರ್ಟ್ಸ್‌ನದು. ವಿಂಡೋಸ್ ಅದನ್ನು 60ರಲ್ಲಿ ನಿಲ್ಲಿಸಿತ್ತು. Advanced display ಪುಟದಲ್ಲಿ 144 ಆರಿಸಿದಾಗ ಆ ಎರಡನೆಯ ಗಂಟೂ ಬಿಚ್ಚಿತು. ಕಾರ್ಡು ಮಾರಾಟಕ್ಕೆ ಹೋಗಲಿಲ್ಲ.