‘ಅಸಲಿ’ ಅನ್ನೋ ಮೂರಕ್ಷರ

“ನೀ ಬರದಿದ್ದು ಓದೇ ಇಳಕಲ್ಲಿಗೆ ಹೋಗಿ ಸೀರಿ ತಗೊಂಡ್ ಬಂದ್ನೆವ್ವಾ. ಸೆರಗಿನ ಕುಚ್ಚಿನ ಎರಡ ಎಳಿ ಸುಟ್ಟು ನೋಡಿದ್ರ ಕಾಗದ ಸುಟ್ಟಂಗ ವಾಸನಿ!”

ಹುನಗುಂದದಿಂದ ಚಿಗವ್ವನ ಫೋನು. ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಕೃತಕ ರೇಷ್ಮೆ. ಕೊಟ್ಟಿದ್ದು ಮಾತ್ರ ಅಸಲಿ ರೇಷ್ಮೆಯ ರೇಟು.

ನನ್ನ ಲೇಖನ ತೆಗೆದು ನೋಡಿದೆ. ತಲೆಬರಹ: ‘ಅಸಲಿ ಇಳಕಲ್ ಸೀರೆ ಗುರುತಿಸುವ 5 ಗುಟ್ಟುಗಳು’. ಒಳಗೆ ಸುಳ್ಳೇನೂ ಇರಲಿಲ್ಲ. ಆದರೆ ನಾನು ವಿವರಿಸಿದ್ದು ಒಂದೇ ಸಂಗತಿ, ಕೊಂಡಿ. ಈ ಸೀರೆಯಲ್ಲಿ ಒಡಲಿನ ಹಾಸುನೂಲು ಬೇರೆ, ಸೆರಗಿನದು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸಿ ನೇಯುತ್ತಾರೆ. ಹಾಗಾಗಿ ಒಡಲಿನ ಬಣ್ಣ ಸೆರಗಿನೊಳಗೆ ಹರಿಯದೆ ಆ ಗೆರೆಯಲ್ಲೇ ನಿಲ್ಲುತ್ತೆ. ಸೀರೆ ತಿರುವಿದರೆ ಸಣ್ಣ ಕುಣಿಕೆಗಳ ಸಾಲು ಕಾಣುತ್ತೆ. ಉಳಿದ ನಾಲ್ಕು ‘ಗುಟ್ಟು’ ಇದನ್ನೇ ಹಿಗ್ಗಿಸಿದ್ದು.

ಚಿಗವ್ವ ಕೊಂಡಿಯನ್ನು ಸರಿಯಾಗೇ ನೋಡಿದ್ದಳು. ಆದರೆ ಕೊಂಡಿ ಹೇಳೋದು ಜೋಡಣೆಯ ಬಗ್ಗೆ, ನೂಲು ರೇಷ್ಮೆಯೋ ಅಲ್ಲವೋ ಅಂತ ಅಲ್ಲ. ಆ ಭರವಸೆ ಕೊಟ್ಟಿದ್ದು ನನ್ನ ‘ಅಸಲಿ’.

ತಿದ್ದೋಕೆ ಕೂತೆ. ತಲೆಬರಹ ಮುಚ್ಚಿಟ್ಟು ಲೇಖನ ಓದಿ, ಓದಿದವರಿಗೆ ಏನು ಸಿಗುತ್ತೆ ಅಂತ ಒಂದೇ ವಾಕ್ಯದಲ್ಲಿ ಬರೆದುಕೊಂಡೆ: ಕೊಂಡಿ ಹಾಕಿದ ಸೆರಗನ್ನು ಅಂಗಡಿಯಲ್ಲಿ ಗುರುತಿಸೋದು. ಆಮೇಲೆ ಹಳೇ ತಲೆಬರಹದ ಒಂದೊಂದೇ ಪದ ಹಿಡಿದು, ಇದಕ್ಕೆ ಒಳಗೆ ಯಾವ ಪ್ಯಾರಾ ಸಾಕ್ಷಿ ಅಂತ ಹುಡುಕಿದೆ. ‘ಅಸಲಿ’ಗೆ ಸಾಕ್ಷಿ ಇಲ್ಲ. ‘5’ಕ್ಕೆ ಇಲ್ಲ. ಎರಡೂ ಹೋದವು. ಭಯಕ್ಕೆ ‘ಇಳಕಲ್ ಸೀರೆ: ಒಂದು ನೋಟ’ ಅಂತ ಬರೆದೆ. ಅದರಲ್ಲಿ ಸುಳ್ಳಿಲ್ಲ ನಿಜ, ಓದೋಕೆ ಕಾರಣವೂ ಇಲ್ಲ. ಕೊನೆಗೆ ನಿಂತಿದ್ದು: ‘ಇಳಕಲ್ ಸೀರೆಯ ಸೆರಗಿಗೆ ಕೊಂಡಿ ಇದೆಯಾ? ಹೀಗೆ ತಿರುವಿ ನೋಡಿ’.

ಮೊದಲ ಸಾಲುಗಳು ಇನ್ನೂ ಕಷ್ಟ ಕೊಟ್ಟವು. ನಾನು ಶುರು ಮಾಡಿದ್ದು ಬಾದಾಮಿಯ ಮೂರನೇ ಗುಹೆಯಿಂದ, ಅಲ್ಲಿನ 578ರ ಶಾಸನದಿಂದ. ಇಷ್ಟಪಟ್ಟು ಬರೆದ ಪ್ಯಾರಾ ಅದು. ಆದರೆ ಲೇಖನ ಮತ್ತೆ ಬಾದಾಮಿ ಕಡೆ ತಿರುಗಿಯೂ ನೋಡಿರಲಿಲ್ಲ. ಓದುಗರು ಚಾಲುಕ್ಯರ ಕಾಲದ ಸೀರೆ ಬರುತ್ತೇನೋ ಅಂತ ಕಾಯಬೇಕಿತ್ತು. ಅಳಿಸಿದೆ. (ಬೇರೆ ಫೈಲಲ್ಲಿ ಇಟ್ಟಿದೀನಿ, ಹೊಟ್ಟೆ ಉರಿಯುತ್ತೆ.) ಈಗಿನ ಶುರು ಹೀಗಿದೆ: ‘ಒಡಲೂ ಸೆರಗೂ ಸೇರೋ ಜಾಗವನ್ನು ತಿರುವಿ ನೋಡಿ. ಕುಣಿಕೆಗಳ ಸಾಲು ಕಂಡರೆ ಅದು ಕೊಂಡಿ. ರೇಷ್ಮೆ ಶುದ್ಧವೇ ಅನ್ನೋದು ಇದರಿಂದ ತಿಳಿಯೋದಿಲ್ಲ.’

ಆ ಕೊನೆಯ ವಾಕ್ಯ ಮೊದಲೂ ಲೇಖನದಲ್ಲಿತ್ತು, ಒಂಬತ್ತನೇ ಪ್ಯಾರಾದಲ್ಲಿ. ಚಿಗವ್ವ ಅಲ್ಲಿತನಕ ಹೋಗಿರಲಿಲ್ಲ.

ತಿದ್ದಿದ್ದನ್ನು ಫೋನಲ್ಲೇ ಓದಿ ಹೇಳಿದೆ. “ಹಿಂಗ ಮೊದಲ ಬರದಿದ್ರ ನಾ ಕುಚ್ಚು ಅಲ್ಲೇ ಅಂಗಡ್ಯಾಗ ಸುಡಸ್ತಿದ್ನೆಲ್ಲಾ!” ಅಂದಳು.