ಒಂದೂವರೆ ನಿಮಿಷದ ಪರಿಚಯ

ರಾಜ್ಯೋತ್ಸವಕ್ಕೆ ಮೊದಲಿನ ಭಾನುವಾರ ಗೋವಿನಕೋವಿಯ ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದೆ. ಮೊಮ್ಮಗಳು ಎರಡು ಹಾಳೆ ಹಿಡಿದು ಬಂದಳು. ಶಾಲೆಯಲ್ಲಿ ನಾಡಗೀತೆ ಹಾಡುವ ಮೊದಲು ಅದನ್ನು ಸಭೆಗೆ ಪರಿಚಯಿಸುವ ಕೆಲಸ ಅವಳದು.

"ಒಂದೂವರೆ ನಿಮಿಷ ಅಷ್ಟೇ ಅಜ್ಜ. ಆಮೇಲೆ ಮೇಷ್ಟ್ರು ಗಂಟೆ ಹೊಡೀತಾರೆ."

ಹೋದ ವರ್ಷ ಗಂಟೆ ಹೊಡೆಸಿಕೊಂಡು ಅರ್ಧಕ್ಕೇ ಇಳಿದು ಬಂದು, ರಾತ್ರಿ ಊಟ ಮಾಡದೆ ಮಲಗಿದ್ದವಳು ಅವಳು.

ಗಡಿಯಾರ ಹಿಡಿದು ಓದಿಸಿದೆ. ಎರಡು ನಿಮಿಷ ನಲವತ್ತು ಸೆಕೆಂಡು! ನಾನು ದಡ್ಡ, "ಬೇಗ ಬೇಗ ಓದು" ಎಂದೆ. ಎರಡು ನಿಮಿಷಕ್ಕೆ ಬಂತು, ಆದರೆ ಪಕ್ಕದಲ್ಲೇ ಕೂತ ಅವಳ ಅಜ್ಜಿಗೂ ಒಂದಕ್ಷರ ತಿಳಿಯಲಿಲ್ಲ.

ಆಮೇಲೆ ಕೇಳಿದೆ: "ಒಂದೇ ಮಾತು ಹೇಳು ಅಂದ್ರೆ ಏನು ಹೇಳ್ತೀಯ?"

"ಕರ್ನಾಟಕ ಭಾರತಮಾತೆಯ ಮಗಳು ಅಂತ ಕುವೆಂಪು ಹೇಳಿದ್ದಾರೆ, ಅದು."

ಆ ಮಾತು ಹಾಳೆಯ ಕಟ್ಟಕಡೆಯಲ್ಲಿತ್ತು! ಗಂಟೆ ಹೊಡೆದಿದ್ದರೆ ಹೋಗುತ್ತಿದ್ದುದು ಅದೇ. ಅದನ್ನು ನಮಸ್ಕಾರದ ನಂತರದ ಮೊದಲ ವಾಕ್ಯ ಮಾಡಿದೆವು.

ಇನ್ನು ಕತ್ತರಿ. ವೇದಿಕೆಯ ಮೇಲಿನ ಒಬ್ಬೊಬ್ಬರ ಹೆಸರು ಹೇಳಿ ವಂದಿಸಲು ಇಪ್ಪತ್ತೈದು ಸೆಕೆಂಡು ಹೋಗುತ್ತಿತ್ತು. ಆ ಹೆಸರುಗಳನ್ನು ಸ್ವಾಗತ ಭಾಷಣದವರು ಹೇಗೂ ಹೇಳಿರುತ್ತಾರೆ. "ಎಲ್ಲರಿಗೂ ನಮಸ್ಕಾರ" ಸಾಕು. ಕವಿಯ ಹುಟ್ಟು, ಓದು, ಪ್ರಶಸ್ತಿಗಳಿಗೆ ಐವತ್ತು ಸೆಕೆಂಡು. ಜ್ಞಾನಪೀಠದ ವಿಷಯ ಮಕ್ಕಳಿಗೆ ಪಾಠದಲ್ಲೇ ಇದೆ, ತೆಗೆದೆವು. ಅವರು ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯಲ್ಲಿ ಬೆಳೆದವರು ಎಂಬ ಒಂದು ಸಾಲನ್ನು ಮಾತ್ರ ನಾನು ಬಿಡಲಿಲ್ಲ. ನಮ್ಮೂರ ಮಕ್ಕಳು ಕಿವಿ ನಿಮಿರಿಸುವುದು ಅಂಥ ಮಾತಿಗೆ.

ಇನ್ನೂ ಹತ್ತು ಸೆಕೆಂಡು ಹೆಚ್ಚಿತ್ತು. ಅವಳೇ ಎರಡು ವಾಕ್ಯಗಳನ್ನು ಸೇರಿಸಿ ಒಂದು ಮಾಡಿದಳು: "ಕುವೆಂಪು 2004ರಲ್ಲಿ ನಮಗೆ ಈ ನಾಡಗೀತೆಯನ್ನು ಬರೆದುಕೊಟ್ಟರು." ಓದಲು ಸೊಗಸಾಗಿತ್ತು. ಆದರೆ ಬ್ಯಾಂಕಿನಲ್ಲಿ ಚೆಕ್ಕಿನ ತಾರೀಖು ನೋಡಿ ನೋಡಿ ಪಳಗಿದ ಕಣ್ಣು ನನ್ನದು.

"ಅವರು ತೀರಿಕೊಂಡದ್ದು ಯಾವಾಗ ಕೂಸೇ?"

"1994..." ಎಂದವಳು ನಾಲಿಗೆ ಕಚ್ಚಿಕೊಂಡಳು. 2004ರಲ್ಲಿ ಸರ್ಕಾರ ಆ ಕವಿತೆಯನ್ನು ನಾಡಗೀತೆಯೆಂದು ಘೋಷಿಸಿತು. ಕವಿ ಬರೆದದ್ದು ಎಷ್ಟೋ ಹಿಂದೆ. "ಸರ್ಕಾರ" ಎಂಬ ಒಂದು ಪದ ಬಿಟ್ಟದ್ದಕ್ಕೆ ಸತ್ಯವೇ ಅಡಿಮೇಲಾಗಿತ್ತು. ಆ ಎರಡು ವಾಕ್ಯ ಹಾಗೇ ಇರಲಿ ಎಂದು ಬೇರೆ ಕಡೆ ಹುಡುಕಿದೆವು. "ರಸಋಷಿ, ವಿಶ್ವಮಾನವ, ಯುಗದ ಕವಿ" ಎಂಬ ಬಿರುದುಗಳ ಸಾಲು, ಮುಕ್ತಾಯದ ಧನ್ಯವಾದಗಳು ಹೋದವು. ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಂತಿತು.

"ಇನ್ನೂ ಹತ್ತು ಸೆಕೆಂಡಿದೆ ಅಜ್ಜ, ಜ್ಞಾನಪೀಠ ಹಾಕ್ಲಾ?"

"ಬೇಡ, ಅದು ಮೈಕಿಗೆ ಇರಲಿ."

ಹಾಡಿಗೂ ಲೆಕ್ಕವುಂಟು ಎಂದು ಅವಳಿಗೆ ಆಗ ಹೇಳಿದೆ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಗೊತ್ತುಮಾಡಿದೆ.

ರಾಜ್ಯೋತ್ಸವದ ದಿನ ಮೈಕು ಅವಳ ತಲೆಗಿಂತ ಮೇಲಿತ್ತು. ಅದನ್ನು ಇಳಿಸುವುದಕ್ಕೇ ಎಂಟು ಸೆಕೆಂಡು ಹಿಡಿಯಿತು. ಮೇಷ್ಟ್ರು ಗಂಟೆಯ ಕೋಲು ಕೈಗೆತ್ತಿಕೊಳ್ಳುವಷ್ಟರಲ್ಲಿ ಅವಳು ಕೈಮುಗಿದು ಇಳಿದಿದ್ದಳು.