ಸಿಮೆಂಟಿಗಿಂತ ಮೊದಲು ಮಣ್ಣು ನೋಡಿ

ತೋಟದ ಮನೆಗೆ ಮಣ್ಣಿನ ಬ್ಲಾಕ್ ಒತ್ತಿಸೋಣ ಅಂತ ಹೊಲದ ಕೆಮ್ಮಣ್ಣನ್ನೇ ತೆಗೆಸಿದೆ, ಮೇಲಿನ ಒಂದಡಿ ಬಿಟ್ಟು. ಗಾಜಿನ ಬಾಟಲಿಗೆ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಇಟ್ಟೆ. ತಳದಲ್ಲಿ ಮರಳು ಅರ್ಧದಷ್ಟೇ, ಮೇಲೆಲ್ಲ ಜೇಡಿ.

"ಸಿಮೆಂಟು ಜಾಸ್ತಿ ಹಾಕಣ್ಣ" ಅಂದ ಮೇಸ್ತ್ರಿ. ಹಾಗೆ ಒತ್ತಿದ ನಾಲ್ಕು ಬ್ಲಾಕೂ ಒಣಗುವಾಗ ಬಿರುಕು ಬಿಟ್ವು. ಜೇಡಿ ಕುಗ್ಗೋದನ್ನ ಸಿಮೆಂಟು ತಡೆಯಲ್ಲ, ಮರಳು ತಡೆಯುತ್ತೆ.

ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಮರಳು ಬೆರೆಸಿದೆ. ಆ ಒಣ ಮಿಶ್ರಣ 100 ಕೆಜಿಗೆ 7 ಕೆಜಿ ಸಿಮೆಂಟು ಸಾಕಾಯ್ತು. ಮೂರು ವಾರ ನೆರಳಲ್ಲಿ ನೀರುಣಿಸಿ, ಒಂದು ಬ್ಲಾಕನ್ನ ರಾತ್ರಿಯಿಡೀ ತೊಟ್ಟಿಯಲ್ಲಿ ಮುಳುಗಿಸಿದೆ. ಬೆಳಗ್ಗೆ ಉಗುರಲ್ಲಿ ಗೀರಿದರೂ ಅಂಚು ಉದುರಲಿಲ್ಲ.

ಎರೆಮಣ್ಣಿನವರು ಈ ಲೆಕ್ಕ ಹಿಡೀಬೇಡಿ, ಅದಕ್ಕೆ ಸುಣ್ಣ ಬೇಕಾಗುತ್ತೆ.